ದಾವೆಗೂ ಒಂದು ಗಡುವು: ಸಾಲ ಮತ್ತು ಸ್ವತ್ತಿನ ವ್ಯಾಜ್ಯಗಳಲ್ಲಿ ಕಾಲಪರಿಮಿತಿಯ ಎಣಿಕೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮದಲ್ಲಿ ಕೈಗಡದ ಹಣ ಹಿಂದಿರುಗದಿದ್ದಾಗ ಕೊಟ್ಟವರು ಮೊದಲು ನ್ಯಾಯಾಲಯಕ್ಕೆ ಹೋಗುವುದಿಲ್ಲ. ಊರಿನ ಹಿರಿಯರ ಬಳಿಗೆ, ಆ ಬಳಿಕ ತಮ್ಮ ವಾರ್ಡಿನ ಸದಸ್ಯರ ಬಳಿಗೆ ಬರುತ್ತಾರೆ. ಸದಸ್ಯರು ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ, ಪಡೆದವನು ಸುಗ್ಗಿಯವರೆಗೆ ಸಮಯ ಕೇಳುತ್ತಾನೆ, ಕೊಟ್ಟವರು ಒಪ್ಪುತ್ತಾರೆ. ಈ ಮಾತುಕತೆ ಸದುದ್ದೇಶದ್ದೇ ಆಗಿದ್ದರೂ ಅದು ನಡೆಯುತ್ತಿರುವಾಗಲೇ ದಾವೆ ಹೂಡುವ ಅವಧಿ ಮುಗಿದುಹೋಗುವ ಸಂಭವವುಂಟು. ಆಮೇಲೆ ಪ್ರೋನೋಟು ಕೈಯಲ್ಲಿದ್ದರೂ, ಸಾಕ್ಷಿದಾರರು ಬದುಕಿದ್ದರೂ ನ್ಯಾಯಾಲಯವು ಹಣ ಕೊಡಿಸಲಾರದು. ಇದೇ ಬಗೆಯ ನಷ್ಟ ಪಂಚಾಯತಿಯ ಸ್ವಂತ ಸ್ವತ್ತಿಗೂ ಆಗಬಹುದು. ದಾವೆಯ ಅವಧಿ ಯಾವ ದಿನ ಆರಂಭವಾಗುತ್ತದೆ, ಯಾವುದರಿಂದ ಅದು ಹೊಸದಾಗಿ ಆರಂಭವಾಗುತ್ತದೆ, ಯಾವುದರಿಂದ ಆಗುವುದಿಲ್ಲ ಎಂಬ ವಿಷಯವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಕಾನೂನಿನ ಮೂಲ ನಿಯಮ

ಸಿವಿಲ್ ದಾವೆಗಳ ಅವಧಿಯನ್ನು ನಿಗದಿಪಡಿಸುವ ಕೇಂದ್ರ ಕಾನೂನು ಕಾಲಪರಿಮಿತಿ ಅಧಿನಿಯಮ, 1963. ಇದು 1964ರ ಜನವರಿ 1ರಿಂದ ಜಾರಿಯಲ್ಲಿದೆ. ಈ ಅಧಿನಿಯಮದ ಕೊನೆಯಲ್ಲಿರುವ ಅನುಸೂಚಿಯಲ್ಲಿ ಪ್ರತಿಯೊಂದು ಬಗೆಯ ದಾವೆಗೂ ಎರಡು ಸಂಗತಿಗಳನ್ನು ಹೇಳಲಾಗಿದೆ. ಒಂದು, ಅವಧಿ ಎಷ್ಟು ಎಂಬುದು. ಎರಡು, ಆ ಅವಧಿ ಯಾವ ದಿನದಿಂದ ಎಣಿಕೆಯಾಗುತ್ತದೆ ಎಂಬುದು. ವ್ಯಾಜ್ಯದಲ್ಲಿ ಹೆಚ್ಚಾಗಿ ತಪ್ಪುವುದು ಎರಡನೆಯದು.

ಅಧಿನಿಯಮದ 3ನೆಯ ಪ್ರಕರಣದ ಪ್ರಕಾರ, ಅವಧಿ ಮೀರಿದ ಮೇಲೆ ಸಲ್ಲಿಸಿದ ದಾವೆಯನ್ನು ನ್ಯಾಯಾಲಯವು ವಜಾ ಮಾಡಲೇಬೇಕು. ಪ್ರತಿವಾದಿಯು ಆಕ್ಷೇಪಿಸದಿದ್ದರೂ ನ್ಯಾಯಾಧೀಶರು ತಾವಾಗಿಯೇ ಇದನ್ನು ನೋಡಬೇಕು. ತಡವಾದುದಕ್ಕೆ ಕಾರಣ ಹೇಳಿ ಕ್ಷಮೆ ಕೋರುವ ಅವಕಾಶವು 5ನೆಯ ಪ್ರಕರಣದಲ್ಲಿದೆಯೆಂದು ಕೆಲವರು ಧೈರ್ಯ ಹೇಳುವುದುಂಟು. ಆದರೆ ಆ ಅವಕಾಶ ಮೇಲ್ಮನವಿ ಮತ್ತು ಅರ್ಜಿಗಳಿಗೆ ಮಾತ್ರ; ಮೂಲ ದಾವೆಗೆ ಇಲ್ಲ. ಅನಾರೋಗ್ಯ, ಬಡತನ, ಕಾನೂನು ತಿಳಿಯದಿರುವುದು, ಇವು ಯಾವುವೂ ಒಂದು ದಿನದ ವಿಳಂಬವನ್ನೂ ಸರಿಪಡಿಸಲಾರವು.

ಸಾಲದ ಹಣ, ಅಂಗಡಿಯ ಬಾಕಿ, ಮನೆ ಅಥವಾ ಮಳಿಗೆಯ ಬಾಡಿಗೆ, ಮಾಡಿದ ಕೆಲಸದ ಕೂಲಿ ಮುಂತಾದ ಹಣದ ದಾವೆಗಳಿಗೆ ಸಾಮಾನ್ಯವಾಗಿ 3 ವರ್ಷ. ಮಾಲೀಕತ್ವದ ಆಧಾರದ ಮೇಲೆ ಸ್ಥಿರಸ್ವತ್ತಿನ ಸ್ವಾಧೀನವನ್ನು ಮರಳಿ ಪಡೆಯುವ ದಾವೆಗೆ 12 ವರ್ಷ. ಸರ್ಕಾರವು ಹೂಡುವ ದಾವೆಗಳಿಗೆ 30 ವರ್ಷ. ಗ್ರಾಮದ ಬಹುಪಾಲು ವ್ಯಾಜ್ಯಗಳು ಈ ಮೂರು ಅಂಕಿಗಳೊಳಗೇ ಬರುತ್ತವೆ.

2. ಎಣಿಕೆ ಯಾವ ದಿನದಿಂದ?

ಗ್ರಾಮಗಳಲ್ಲಿ ಬರೆಯಿಸುವ ಪ್ರೋನೋಟಿನಲ್ಲಿ ಸಾಮಾನ್ಯವಾಗಿ "ತಾವು ಕೇಳಿದಾಗ ಕೊಡುತ್ತೇನೆ" ಎಂದಿರುತ್ತದೆ. ಇದನ್ನು ಓದಿದವರು, ಹಣವನ್ನು ಕೇಳಿದ ದಿನದಿಂದ 3 ವರ್ಷ ಎಣಿಸಬೇಕೆಂದು ಸಹಜವಾಗಿ ಭಾವಿಸುತ್ತಾರೆ. ಕಾನೂನು ಹಾಗಿಲ್ಲ. ಕೇಳಿದಾಗ ಕೊಡಬೇಕಾದ ಪ್ರೋನೋಟಿಗೆ, ಅದರೊಡನೆ ದಾವೆಯ ಹಕ್ಕನ್ನು ಮುಂದೂಡುವ ಬೇರೆ ಬರಹವಿಲ್ಲದಿದ್ದರೆ, ಪ್ರೋನೋಟಿನ ದಿನಾಂಕದಿಂದಲೇ ಎಣಿಕೆ ಆರಂಭವಾಗುತ್ತದೆ. ಪ್ರೋನೋಟಿಲ್ಲದೆ ಕೊಟ್ಟ, ಕೇಳಿದಾಗ ತೀರಿಸಬೇಕಾದ ಕೈಗಡಕ್ಕೂ ಸಾಲ ಕೊಟ್ಟ ದಿನದಿಂದಲೇ ಎಣಿಕೆ. ಇಂಥ ಸಾಲವನ್ನು ಮರುದಿನವೇ ಕೇಳುವ ಹಕ್ಕು ಕೊಟ್ಟವರಿಗೆ ಇದೆ; ಹಕ್ಕು ಹುಟ್ಟಿದ ದಿನದಿಂದ ಗಡುವೂ ಓಡುತ್ತದೆ ಎಂಬುದು ಇದರ ಹಿಂದಿನ ತರ್ಕ.

ಹಣವನ್ನು ಇಂಥ ದಿನಾಂಕಕ್ಕೆ ಹಿಂದಿರುಗಿಸುತ್ತೇನೆ ಎಂದು ಬರಹದಲ್ಲಿ ನಿಗದಿಯಾಗಿದ್ದರೆ ಮಾತ್ರ ಆ ದಿನಾಂಕದಿಂದ ಎಣಿಕೆಯಾಗುತ್ತದೆ. ಎಣಿಸುವಾಗ ಆರಂಭದ ದಿನವನ್ನು ಬಿಡಬೇಕು. 2022ರ ಜೂನ್ 10ರ ಪ್ರೋನೋಟಿಗೆ 2025ರ ಜೂನ್ 10 ಕೊನೆಯ ದಿನವಾಗುತ್ತದೆ. ಕೊನೆಯ ದಿನ ಭಾನುವಾರವಾದರೆ ಅಥವಾ ನ್ಯಾಯಾಲಯದ ಬೇಸಿಗೆ ರಜೆಯಲ್ಲಿ ಬಿದ್ದರೆ, ನ್ಯಾಯಾಲಯ ಮತ್ತೆ ತೆರೆದ ಮೊದಲ ದಿನ ದಾವೆ ಸಲ್ಲಿಸಬಹುದು. ಎರಡನೆಯ ದಿನ ಸಲ್ಲಿಸಿದರೆ ಅದು ತಡವೇ.

ಒಮ್ಮೆ ಆರಂಭವಾದ ಎಣಿಕೆ ತಾನಾಗಿ ನಿಲ್ಲುವುದಿಲ್ಲವೆಂಬುದನ್ನು 9ನೆಯ ಪ್ರಕರಣ ಹೇಳುತ್ತದೆ. ಸಾಲ ಕೊಟ್ಟ ತಂದೆ ಎರಡು ವರ್ಷಗಳ ಬಳಿಕ ತೀರಿಕೊಂಡು, ಮಗ ಇನ್ನೂ ಅಪ್ರಾಪ್ತನಾಗಿದ್ದರೂ ಉಳಿದಿರುವುದು ಒಂದೇ ವರ್ಷ. ಹಕ್ಕು ಹುಟ್ಟುವ ದಿನವೇ ಹಕ್ಕುದಾರ ಅಪ್ರಾಪ್ತನಾಗಿದ್ದರೆ ಮಾತ್ರ ಅವನಿಗೆ ಪ್ರಾಪ್ತ ವಯಸ್ಸಿನ ಬಳಿಕ ಪ್ರತ್ಯೇಕ ಸಮಯ ದೊರೆಯುತ್ತದೆ. ಮನೆಯ ಯಜಮಾನ ತೀರಿಕೊಂಡ ಕುಟುಂಬಗಳಲ್ಲಿ ಹಳೆಯ ಪ್ರೋನೋಟುಗಳನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದು ಕಂಡುಬರುತ್ತದೆ. ಸದಸ್ಯರು ಅಂಥ ಕುಟುಂಬಗಳಿಗೆ ಮೊದಲು ದಿನಾಂಕ ನೋಡುವಂತೆ ಹೇಳುವುದು ಒಳಿತು.

3. ಒಂದು ಸಾಲದ ಲೆಕ್ಕ

ಎಣಿಕೆಯನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಬ್ಬ ವಿಧವೆಯು ಕುರಿ ಮಾರಿದ ಹಣದಿಂದ 1,50,000 ರೂಪಾಯಿಯನ್ನು ನೆರೆಯ ರೈತನಿಗೆ ಬೋರ್‌ವೆಲ್ ಕೊರೆಯಿಸಲು ಬಡ್ಡಿಯಿಲ್ಲದೆ ಕೊಡುತ್ತಾಳೆ. ಕೇಳಿದಾಗ ಕೊಡುವುದಾಗಿ 2022ರ ಜೂನ್ 10ರಂದು ರೆವಿನ್ಯೂ ಸ್ಟಾಂಪ್ ಹಚ್ಚಿದ ಪ್ರೋನೋಟಿಗೆ ರೈತ ಸಹಿ ಹಾಕುತ್ತಾನೆ. 2024ರ ಮಾರ್ಚ್ 4ರಂದು ಆತ ಇಬ್ಬರ ಎದುರಿನಲ್ಲಿ 20,000 ರೂಪಾಯಿ ನಗದು ಕೊಡುತ್ತಾನೆ. ಅದನ್ನು ಯಾರೂ ಬರೆದಿಡುವುದಿಲ್ಲ.

ಉಳಿದ 1,30,000 ರೂಪಾಯಿ ಬಾರದಿದ್ದಾಗ ವಿಷಯ ಹಿರಿಯರ ಮುಂದೆ ಬರುತ್ತದೆ. 2025ರ ಏಪ್ರಿಲ್ 6ರಂದು ಎಲ್ಲರ ಎದುರಿಗೆ ರೈತನು "ಬಾಕಿ ಇರುವುದು ನಿಜ, ದೀಪಾವಳಿ ಕಳೆದ ಮೇಲೆ ಕೊಡುತ್ತೇನೆ" ಎಂದು ಹೇಳುತ್ತಾನೆ. ಆ ಮಾತಿಗೆ ಎಲ್ಲರೂ ಒಪ್ಪುತ್ತಾರೆ. ದೀಪಾವಳಿ ಕಳೆಯುತ್ತದೆ, ಹಣ ಬರುವುದಿಲ್ಲ. ನವೆಂಬರ್ ತಿಂಗಳಿನಲ್ಲಿ ಆಕೆ ತಾಲ್ಲೂಕಿನ ವಕೀಲರ ಬಳಿಗೆ ಹೋದಾಗ, ದಾವೆಯ ಅವಧಿ ಜೂನ್ 10ರಂದೇ ಮುಗಿದಿದೆಯೆಂದು ತಿಳಿಯುತ್ತದೆ. ಹಿರಿಯರ ಎದುರು ಕೇಳಿದ ಸಮಯವೇ ಸಾಲಗಾರನನ್ನು ಗಡುವಿನಾಚೆ ದಾಟಿಸಿತು.

ಇಲ್ಲಿ ರೈತ ಸಾಲವನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ. ಒಂದು ಭಾಗವನ್ನು ತೀರಿಸಿಯೂ ಇದ್ದಾನೆ. ಬಾಕಿಯನ್ನು ಹತ್ತಾರು ಜನರ ಎದುರು ಒಪ್ಪಿಕೊಂಡಿದ್ದಾನೆ. ಇಷ್ಟಿದ್ದರೂ ಈ ಎರಡು ಸಂದರ್ಭಗಳಲ್ಲಿ ಯಾವುದೂ ಆಕೆಯ ನೆರವಿಗೆ ಬರುವುದಿಲ್ಲ. ಏಕೆಂದರೆ ಯಾವುದೂ ಬರಹದಲ್ಲಿಲ್ಲ.

4. ಅವಧಿಯನ್ನು ಹೊಸದಾಗಿ ಆರಂಭಿಸುವ ಎರಡು ಬರಹಗಳು

ಮೊದಲನೆಯದು ಋಣದ ಒಪ್ಪಿಗೆ. 18ನೆಯ ಪ್ರಕರಣದ ಪ್ರಕಾರ, ಅವಧಿ ಮುಗಿಯುವ ಮುನ್ನ ಸಾಲಗಾರನು ತನ್ನ ಹೊಣೆಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಸಹಿ ಹಾಕಿದ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಏಪ್ರಿಲ್ 6ರಂದು ಹಿರಿಯರು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿಸಿ ರೈತನ ಸಹಿ ಪಡೆದಿದ್ದರೆ, ಆಕೆಗೆ 2028ರ ಏಪ್ರಿಲ್ 6ರವರೆಗೆ ಅವಕಾಶವಿರುತ್ತಿತ್ತು. ಆ ಬರಹದಲ್ಲಿ ಹಣದ ಮೊತ್ತ ನಿಖರವಾಗಿ ಇರಲೇಬೇಕೆಂದಿಲ್ಲ. "ಸಾಲ ಇರುವುದು ನಿಜ, ಆದರೆ ಈಗ ಕೊಡಲಾರೆ" ಎಂದು ಬರೆದರೂ ಅದು ಒಪ್ಪಿಗೆಯೇ. ಸಾಲಗಾರನ ಪರವಾಗಿ ಅಧಿಕಾರ ಪಡೆದ ಪ್ರತಿನಿಧಿಯ ಸಹಿಯೂ ಸಾಕು. ಓದುಬರಹ ಬಾರದವರು ಹೆಬ್ಬೆಟ್ಟಿನ ಗುರುತು ಹಾಕಬಹುದು. ಆಗ ಬರಹವನ್ನು ಓದಿ ಹೇಳಲಾಗಿದೆಯೆಂದು ಬರೆದು ಇಬ್ಬರು ಸಾಕ್ಷಿಗಳ ಸಹಿ ಪಡೆಯುವುದು ಮುಂದಿನ ವಿವಾದವನ್ನು ತಪ್ಪಿಸುತ್ತದೆ.

ಎರಡನೆಯದು ಭಾಗಶಃ ಪಾವತಿ. 19ನೆಯ ಪ್ರಕರಣದ ಪ್ರಕಾರ, ಅವಧಿಯೊಳಗೆ ಅಸಲಿನ ಅಥವಾ ಬಡ್ಡಿಯ ಬಾಬ್ತು ಹಣ ಕೊಟ್ಟರೆ ಆ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಆದರೆ ಇದಕ್ಕೆ ಒಂದು ಷರತ್ತು ಇದೆ. ಪಾವತಿಯ ಬರಹವು ಕೊಟ್ಟವನ ಕೈಬರಹದಲ್ಲಿರಬೇಕು ಅಥವಾ ಕೊಟ್ಟವನ ಸಹಿ ಅದರಲ್ಲಿರಬೇಕು. ಗ್ರಾಮಗಳಲ್ಲಿ ಹಣ ಪಡೆದವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವುದು ರೂಢಿ; ಈ ಷರತ್ತಿಗೆ ಆ ಬರಹ ಸಾಲದು. ಪ್ರೋನೋಟಿನ ಹಿಂಬದಿಯಲ್ಲಿ ದಿನಾಂಕ ಮತ್ತು ಮೊತ್ತ ಬರೆಯಿಸಿ ಸಾಲಗಾರನಿಂದಲೇ ಸಹಿ ಹಾಕಿಸಬೇಕು. ಉದಾಹರಣೆಯ ವಿಧವೆಯು 2024ರ ಮಾರ್ಚ್ 4ರಂದು ಹೀಗೆ ಹಿಂಬರಹ ಮಾಡಿಸಿದ್ದರೆ 2027ರ ಮಾರ್ಚ್ 4ರವರೆಗೆ ದಾವೆಗೆ ಅವಕಾಶವಿರುತ್ತಿತ್ತು. ಹಣವನ್ನು ಮೊಬೈಲಿನ ಮೂಲಕ ಕಳುಹಿಸಿದ್ದರೂ, ಮುಂದೆ ವಾದಕ್ಕೆ ಎಡೆಯಾಗದಂತೆ ಸಹಿಯುಳ್ಳ ಒಂದು ಸಾಲನ್ನು ಪಡೆದಿಡುವುದೇ ಸುರಕ್ಷಿತ.

ಪ್ರೋನೋಟಿಗೆ ಅಣ್ಣ ತಮ್ಮಂದಿರಿಬ್ಬರು ಸಹಿ ಹಾಕಿದ್ದರೆ ಮತ್ತೊಂದು ಎಚ್ಚರ ಅಗತ್ಯ. 20ನೆಯ ಪ್ರಕರಣದ ಪ್ರಕಾರ, ಅಣ್ಣ ಒಬ್ಬನೇ ಒಪ್ಪಿಗೆ ಬರೆದುಕೊಟ್ಟ ಮಾತ್ರಕ್ಕೆ ತಮ್ಮನ ಮೇಲಿನ ಅವಧಿ ಹೊಸದಾಗುವುದಿಲ್ಲ. ಇಬ್ಬರ ಸಹಿಯನ್ನೂ ಪಡೆಯಬೇಕು.

5. ಅವಧಿಯನ್ನು ನಿಲ್ಲಿಸದ ಸಂಗತಿಗಳು

ಊರಿನ ರಾಜಿ ಪಂಚಾಯತಿಯು ಎಣಿಕೆಯನ್ನು ನಿಲ್ಲಿಸುವುದಿಲ್ಲ. ವಕೀಲರ ನೋಟಿಸು ಕಳುಹಿಸಿದ ಮಾತ್ರಕ್ಕೆ ಅವಧಿ ಹೆಚ್ಚುವುದಿಲ್ಲ. ನೋಟಿಸಿಗೆ ಸಾಲಗಾರನು ಸಹಿ ಮಾಡಿದ ಉತ್ತರದಲ್ಲಿ ಬಾಕಿಯನ್ನು ಒಪ್ಪಿದರೆ ಆ ಉತ್ತರ ಮಾತ್ರ ಉಪಯೋಗಕ್ಕೆ ಬರುತ್ತದೆ. ಪೊಲೀಸ್ ಠಾಣೆಗೆ ದೂರು ಕೊಟ್ಟು ಅಲ್ಲಿ ಕಳೆದ ತಿಂಗಳುಗಳನ್ನೂ ಕಳೆಯಲಾಗದು. ತಪ್ಪು ವೇದಿಕೆಯಲ್ಲಿ ಕಳೆದ ಸಮಯವನ್ನು ಬಿಟ್ಟು ಎಣಿಸುವ ಅವಕಾಶ 14ನೆಯ ಪ್ರಕರಣದಲ್ಲಿ ಇದೆಯಾದರೂ, ಅದು ಅಧಿಕಾರವ್ಯಾಪ್ತಿಯಿಲ್ಲದ ನ್ಯಾಯಾಲಯದಲ್ಲಿ ಸದ್ಭಾವನೆಯಿಂದ, ಶ್ರದ್ಧೆಯಿಂದ ನಡೆಸಿದ ವ್ಯವಹರಣೆಗೆ ಸಂಬಂಧಿಸಿದ್ದು. ಅರಳಿಕಟ್ಟೆಯ ಮಾತುಕತೆ ನ್ಯಾಯಾಲಯದ ವ್ಯವಹರಣೆಯಲ್ಲ.

ಸರ್ವೋಚ್ಚ ನ್ಯಾಯಾಲಯವೂ 2023ರಲ್ಲಿ, ರಕ್ಷಣಾ ಸಚಿವಾಲಯ ಮತ್ತು ಬಿ ಅಂಡ್ ಟಿ ಎ.ಜಿ. ಸಂಸ್ಥೆಯ ನಡುವಿನ ಮಧ್ಯಸ್ಥಿಕೆಯ ಪ್ರಕರಣದಲ್ಲಿ, ಹಕ್ಕು ಹುಟ್ಟಿದ ಮೇಲೆ ಮಾತುಕತೆ ಎಷ್ಟು ವರ್ಷ ನಡೆದರೂ ಅದರಿಂದ ಮಾತ್ರ ಅವಧಿಯ ಆರಂಭ ಮುಂದಕ್ಕೆ ಹೋಗುವುದಿಲ್ಲವೆಂದು ತಿಳಿಸಿದೆ. ದೊಡ್ಡ ಕಂಪನಿಗೂ ಸರ್ಕಾರಕ್ಕೂ ಅನ್ವಯಿಸುವ ಈ ಮಾತು ಕೈಗಡಕ್ಕೂ ಅನ್ವಯಿಸುತ್ತದೆ.

ರಾಜಿಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಗಡುವು ಹತ್ತಿರವಾಗಿದ್ದು ಸಾಲಗಾರನು ಸಹಿ ಹಾಕಲು ಒಪ್ಪದಿದ್ದರೆ, ದಾವೆ ಹೂಡಿದ ಮೇಲೂ ರಾಜಿ ಮಾಡಿಕೊಳ್ಳಬಹುದು. ನ್ಯಾಯಾಲಯವೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಅಥವಾ ಲೋಕ ಅದಾಲತ್‌ಗೆ ಕಳುಹಿಸಬಲ್ಲದು. ಅಲ್ಲಿ ಆದ ರಾಜಿಯ ಐತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಹೀಗೆ ಗಡುವೂ ಉಳಿಯುತ್ತದೆ, ಸಂಬಂಧವೂ ಉಳಿಯಲು ದಾರಿಯಿರುತ್ತದೆ.

6. ಗಡುವು ಮೀರಿದ ಮೇಲೆ ಏನು ಉಳಿಯುತ್ತದೆ?

ಸಾಲದ ವಿಷಯದಲ್ಲಿ ಗಡುವು ಮೀರಿದರೆ ದಾವೆಯ ದಾರಿ ಮುಚ್ಚುತ್ತದೆಯೇ ಹೊರತು ಸಾಲವೇ ಇಲ್ಲವಾಗುವುದಿಲ್ಲ. ಸಾಲಗಾರನು ತಾನಾಗಿ ಹಣ ಕೊಟ್ಟರೆ ಪಡೆಯುವುದು ನ್ಯಾಯಬದ್ಧವೇ. ಕೊಟ್ಟ ಮೇಲೆ, ಅವಧಿ ಮೀರಿತ್ತೆಂದು ಹೇಳಿ ಮರಳಿ ಕೇಳಲಾಗದು.

ಇನ್ನೊಂದು ದಾರಿಯೂ ಇದೆ. ಭಾರತೀಯ ಕರಾರು ಅಧಿನಿಯಮ, 1872ರ 25ನೆಯ ಪ್ರಕರಣದ 3ನೆಯ ಖಂಡದ ಪ್ರಕಾರ, ಕಾಲಬಾಧಿತವಾದ ಸಾಲವನ್ನು ಕೊಡುತ್ತೇನೆಂದು ಸಾಲಗಾರನು ಬರಹದಲ್ಲಿ ವಾಗ್ದಾನ ಮಾಡಿ ಸಹಿ ಹಾಕಿದರೆ ಅದು ಹೊಸ ಕರಾರಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಗಮನಿಸಬೇಕು. ಗಡುವಿನೊಳಗೆ "ಬಾಕಿ ಇರುವುದು ನಿಜ" ಎಂಬ ಒಪ್ಪಿಗೆ ಸಾಕು. ಗಡುವು ಮೀರಿದ ಮೇಲೆ ಆ ಒಪ್ಪಿಗೆ ಸಾಲದು. "ಕೊಡುತ್ತೇನೆ" ಎಂಬ ವಾಗ್ದಾನ ಬೇಕು. ಉದಾಹರಣೆಯ ರೈತನು 2025ರ ನವೆಂಬರ್ 15ರಂದು, ಬಾಕಿ 1,30,000 ರೂಪಾಯಿಯನ್ನು ಕೊಡುವುದಾಗಿ ಬರೆದು ಸಹಿ ಹಾಕಿದರೆ, ಬೇರೆ ದಿನಾಂಕ ನಿಗದಿಯಾಗದಿದ್ದಲ್ಲಿ 2028ರ ನವೆಂಬರ್ 15ರವರೆಗೆ ಆಕೆಗೆ ಮತ್ತೆ ದಾವೆಯ ಹಕ್ಕು ದೊರೆಯುತ್ತದೆ. ಆದರೆ ಅವನನ್ನು ಹಾಗೆ ಬರೆಯಲು ಯಾರೂ ಒತ್ತಾಯಿಸುವಂತಿಲ್ಲ. ಒತ್ತಡದಿಂದ ಪಡೆದ ಸಹಿಯು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಪಡೆದವರ ಮೇಲೆಯೇ ದೂರಿಗೆ ಕಾರಣವಾಗಬಹುದು.

ಈ ಎರಡೂ ಸಂದರ್ಭಗಳಿಗೆ ಒದಗುವಂತೆ ಬರಹದಲ್ಲಿ ಒಪ್ಪಿಗೆ ಮತ್ತು ವಾಗ್ದಾನ ಎರಡನ್ನೂ ಸೇರಿಸುವುದು ಉತ್ತಮ. ಮಾದರಿ ಹೀಗಿದೆ:

"ದಿನಾಂಕ 10-06-2022ರ ಪ್ರೋನೋಟಿನ ಮೂಲಕ ನಾನು ಪಡೆದ 1,50,000 ರೂಪಾಯಿ ಸಾಲದ ಪೈಕಿ 1,30,000 ರೂಪಾಯಿ ಈ ದಿನಕ್ಕೆ ಬಾಕಿ ಇರುತ್ತದೆಂದು ಒಪ್ಪಿರುತ್ತೇನೆ. ಸದರಿ ಹಣವನ್ನು ತಮಗೆ ಕೊಡುವುದಾಗಿ ವಾಗ್ದಾನ ಮಾಡಿ, ಓದಿ ತಿಳಿದು ಸಹಿ ಮಾಡಿರುತ್ತೇನೆ. ದಿನಾಂಕ 06-04-2025."

ಇಂಥ ಪತ್ರಕ್ಕೆ ತಗಲುವ ಮುದ್ರಾಂಕ ಶುಲ್ಕವನ್ನು ಪತ್ರ ಬರಹಗಾರರಿಂದ ಅಥವಾ ವಕೀಲರಿಂದ ತಿಳಿದು ಹಚ್ಚಬೇಕು. ಶುಲ್ಕ ಕೊರತೆಯಾದ ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸಲು ನ್ಯಾಯಾಲಯದಲ್ಲಿ ತೊಡಕಾಗುತ್ತದೆ.

7. ಸ್ವತ್ತಿನ ವಿಷಯ: ಇಲ್ಲಿ ಹಕ್ಕೇ ಅಳಿಯುತ್ತದೆ

ಸ್ಥಿರಸ್ವತ್ತಿನಲ್ಲಿ ಪರಿಣಾಮ ಇನ್ನೂ ಕಠಿಣ. 27ನೆಯ ಪ್ರಕರಣದ ಪ್ರಕಾರ, ಸ್ವಾಧೀನದ ದಾವೆಗೆ ಇರುವ ಅವಧಿ ಮುಗಿದರೆ ದಾವೆಯ ಹಕ್ಕಿನ ಜೊತೆಗೆ ಆ ಸ್ವತ್ತಿನ ಮೇಲಿನ ಹಕ್ಕೂ ಅಳಿಯುತ್ತದೆ. ಗ್ರಾಮ ಪಂಚಾಯತಿಗಳು ಇದನ್ನು ತಮ್ಮ ಸ್ವತ್ತುಗಳ ಮಟ್ಟಿಗೆ ತಿಳಿದಿರಬೇಕು. ಪಂಚಾಯತಿಗೆ ಎಲ್ಲ ಜಾಗಗಳ ವಿಷಯದಲ್ಲಿಯೂ 30 ವರ್ಷವಿದೆ ಎಂಬ ಭಾವನೆ ಸರಿಯಲ್ಲ.

ಅನುಸೂಚಿಯ 111ನೆಯ ಅನುಚ್ಛೇದದಲ್ಲಿ ಸ್ಥಳೀಯ ಸಂಸ್ಥೆಗೆ 30 ವರ್ಷಗಳ ಅವಧಿ ಕೊಟ್ಟಿರುವುದು ಸಾರ್ವಜನಿಕ ಬೀದಿ ಅಥವಾ ರಸ್ತೆಯ ಸ್ವಾಧೀನಕ್ಕಾಗಿ ಮಾತ್ರ. 112ನೆಯ ಅನುಚ್ಛೇದದ 30 ವರ್ಷ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ದಾವೆಗಳಿಗೆ ಸೇರಿದ್ದು. ಗೋಮಾಳದಂಥ ಸರ್ಕಾರಿ ಜಮೀನು ಇದರಡಿ ಬರುತ್ತದೆ; ಅಲ್ಲಿ ಕ್ರಮ ಜರುಗಿಸಬೇಕಾದವರು ಕಂದಾಯ ಅಧಿಕಾರಿಗಳು. ಇವೆರಡರಲ್ಲೂ ಸೇರದ, ಪಂಚಾಯತಿಯ ಸ್ವಂತ ನಿವೇಶನ, ಹಳೆಯ ಕಟ್ಟಡದ ಜಾಗ, ಮಳಿಗೆಯ ಹಿಂಬದಿಯ ಖಾಲಿ ಜಾಗ ಮುಂತಾದವುಗಳಿಗೆ ಖಾಸಗಿ ಮಾಲೀಕರಿಗಿರುವ 12 ವರ್ಷವೇ ಅನ್ವಯಿಸುತ್ತದೆ.

ಒಂದು ಕಲ್ಪಿತ ಪ್ರಸಂಗ: ಪಂಚಾಯತಿಗೆ ಸೇರಿದ ಹಳೆಯ ದನದ ದೊಡ್ಡಿಯ 40 ಅಡಿ ಅಗಲ, 60 ಅಡಿ ಉದ್ದದ ಜಾಗಕ್ಕೆ ಪಕ್ಕದ ಮನೆಯವನು 2015ರ ಮಾರ್ಚ್ ತಿಂಗಳಿನಲ್ಲಿ ಕಲ್ಲಿನ ಕಾಂಪೌಂಡು ಕಟ್ಟಿ, ಇದು ತನ್ನದೇ ಎಂದು ಬಹಿರಂಗವಾಗಿ ಅನುಭವಿಸತೊಡಗುತ್ತಾನೆ. ಪಂಚಾಯತಿಯು 2016ರಲ್ಲಿ ಠರಾವು ಮಾಡುತ್ತದೆ, 2019ರಲ್ಲಿಯೂ 2023ರಲ್ಲಿಯೂ ನೋಟಿಸು ಕೊಡುತ್ತದೆ. ಕಡತದಲ್ಲಿ ಮೂರು ಕಾಗದಗಳಿರುವುದರಿಂದ ಹಕ್ಕು ಭದ್ರವಾಗಿದೆಯೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ಠರಾವಿನಿಂದಾಗಲಿ ನೋಟಿಸಿನಿಂದಾಗಲಿ ಎಣಿಕೆ ನಿಲ್ಲುವುದಿಲ್ಲ. ಸ್ವಾಧೀನವನ್ನು ವಾಸ್ತವವಾಗಿ ಮರಳಿ ಪಡೆಯಬೇಕು ಅಥವಾ ದಾವೆ ಹೂಡಬೇಕು. ಆತನ ಸ್ವಾಧೀನವು 2015ರ ಮಾರ್ಚ್‌ನಿಂದ ಪ್ರತಿಕೂಲವಾಗಿದ್ದರೆ 2027ರ ಮಾರ್ಚ್‌ನಲ್ಲಿ ಪಂಚಾಯತಿಯ ಹಕ್ಕು ಕೊನೆಗೊಳ್ಳುತ್ತದೆ. ಅದೇ ಕಾಂಪೌಂಡು ಸಾರ್ವಜನಿಕ ರಸ್ತೆಯ ಮೇಲೆ ಬಂದಿದ್ದರೆ ಗಡುವು 2045ರವರೆಗೆ ಇರುತ್ತಿತ್ತು. ಪಂಚಾಯತ್ ರಾಜ್ ಅಧಿನಿಯಮದಡಿ ಒತ್ತುವರಿ ತೆರವಿಗೆ ಇರುವ ಅಧಿಕಾರ ಬೇರೆ. ಅನ್ವಯಿಸುವ ಕಡೆ ಅದನ್ನು ಸಕಾಲದಲ್ಲಿ ಬಳಸಿದರೆ ದಾವೆಯ ಅಗತ್ಯವೇ ಬಾರದಿರಬಹುದು.

ಹಾಗೆಂದು 12 ವರ್ಷ ಒಂದು ಜಾಗದಲ್ಲಿ ಇದ್ದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ. ಸ್ವಾಧೀನವು ಮಾಲೀಕನ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ಅಡೆತಡೆಯಿಲ್ಲದೆ ನಡೆದಿರಬೇಕು. ಅದನ್ನು ರುಜುವಾತುಪಡಿಸುವ ಹೊಣೆ ಹಾಗೆ ಹೇಳುವವನದೇ. ಯಾವ ದಿನದಿಂದ ಪ್ರತಿಕೂಲವಾಯಿತೆಂಬುದನ್ನೂ ಅವನೇ ತೋರಿಸಬೇಕು. ಬಾಡಿಗೆಗೆ ಇರುವವನು, ಅನುಮತಿ ಪಡೆದು ಕುಳಿತವನು ಎಷ್ಟು ವರ್ಷ ಇದ್ದರೂ ಆ ಹೆಸರಿನಲ್ಲಿ ಇರುವವರೆಗೆ ಅವನ ಸ್ವಾಧೀನ ಪ್ರತಿಕೂಲವಲ್ಲ. ಆದ್ದರಿಂದ ಬಾಡಿಗೆಯ ರಸೀದಿ, ಕರಾರು ಪತ್ರ, ಪರವಾನಗಿಯ ಪ್ರತಿ ಇವುಗಳನ್ನು ಪಂಚಾಯತಿ ಕಾಪಾಡಿಕೊಳ್ಳಬೇಕು. ಮೇಲಿನ ಪ್ರಸಂಗದಲ್ಲಿ ಆ ಮನೆಯವನು 2020ರಲ್ಲಿ "ಪಂಚಾಯತಿಗೆ ಸೇರಿದ ಈ ಜಾಗವನ್ನು ನನಗೆ ಗುತ್ತಿಗೆಗೆ ಕೊಡಬೇಕು" ಎಂದು ಸಹಿಯುಳ್ಳ ಅರ್ಜಿ ಕೊಟ್ಟಿದ್ದರೆ, ಆ ಒಂದು ಹಾಳೆಯೇ ಪಂಚಾಯತಿಯ ಹಕ್ಕಿನ ಒಪ್ಪಿಗೆಯಾಗುತ್ತದೆ. 18ನೆಯ ಪ್ರಕರಣವು ಹಣಕ್ಕೆ ಅನ್ವಯಿಸುವಂತೆ ಸ್ವತ್ತಿಗೂ ಅನ್ವಯಿಸುವುದರಿಂದ, ಅರ್ಜಿಯ ದಿನದಿಂದ ಎಣಿಕೆ ಹೊಸದಾಗುತ್ತದೆ. ಅಂಥ ಅರ್ಜಿಯನ್ನು ತಿರಸ್ಕರಿಸಿದರೂ ಕಡತದಿಂದ ತೆಗೆಯಬಾರದು.

ಮಳಿಗೆಯ ಬಾಡಿಗೆ ಬಾಕಿಯು ಸ್ವತ್ತಿಗೆ ಸಂಬಂಧಿಸಿದ್ದಾದರೂ ಹಣದ ಬೇಡಿಕೆಯೇ ಆದುದರಿಂದ ಅದಕ್ಕೆ 3 ವರ್ಷ. ಪ್ರತಿ ತಿಂಗಳ ಬಾಡಿಗೆಗೂ ಅದು ಸಲ್ಲಬೇಕಾದ ದಿನದಿಂದ ಪ್ರತ್ಯೇಕವಾಗಿ ಎಣಿಕೆಯಾಗುತ್ತದೆ. ತಿಂಗಳಿಗೆ 1,500 ರೂಪಾಯಿಯಂತೆ 60 ತಿಂಗಳ ಬಾಡಿಗೆ ಬಾಕಿಯಿದ್ದರೆ ಲೆಕ್ಕದಲ್ಲಿ 90,000 ರೂಪಾಯಿ ಕಾಣುತ್ತದೆ. ದಾವೆಯಲ್ಲಿ ಕೇಳಬಹುದಾದುದು ಹತ್ತಿರದ 36 ತಿಂಗಳ 54,000 ರೂಪಾಯಿ ಮಾತ್ರ. ಬಾಡಿಗೆದಾರನ ಸಹಿಯುಳ್ಳ ಒಪ್ಪಿಗೆ ಇಲ್ಲದಿದ್ದರೆ ಉಳಿದ 36,000 ರೂಪಾಯಿ ದಾವೆಗೆ ಸಿಗದು.

8. ಸದಸ್ಯರು ನೋಡಬೇಕಾದ ಕ್ರಮ

ವ್ಯಾಜ್ಯ ಮುಂದೆ ಬಂದಾಗ ಯಾರು ಸರಿ, ಯಾರು ತಪ್ಪು ಎಂಬುದಕ್ಕಿಂತ ಮೊದಲು ಮೂಲ ಕಾಗದವನ್ನು ತರಿಸಿ ಅದರ ದಿನಾಂಕವನ್ನು ನೋಡಬೇಕು. ಕೊಡುವ ದಿನ ನಿಗದಿಯಾಗಿದೆಯೇ, ಕೇಳಿದಾಗ ಕೊಡುವುದೇ ಎಂಬುದನ್ನು ಓದಬೇಕು. ಕಾಗದದ ಹಿಂಬದಿಯಲ್ಲಿ ಸಾಲಗಾರನ ಸಹಿಯುಳ್ಳ ಹಿಂಬರಹ ಇದೆಯೇ ಎಂದು ತಿರುಗಿಸಿ ನೋಡಬೇಕು. ಈ ಮೂರರಿಂದ ಕೊನೆಯ ದಿನವನ್ನು ಲೆಕ್ಕಹಾಕಿ ಎರಡೂ ಕಡೆಯವರಿಗೆ ತಿಳಿಸಬೇಕು. ರಾಜಿಗಾಗಿ ಸಮಯ ಕೊಡುವುದಾದರೆ, ಸಮಯ ಕೇಳಿದವನು ಅದೇ ದಿನ ಬರಹದಲ್ಲಿ ಬಾಕಿಯನ್ನು ಒಪ್ಪಿ ಸಹಿ ಹಾಕಲು ಸಿದ್ಧನಿರುವನೇ ಎಂದು ಕೇಳಬೇಕು. ಸಾಲಗಾರನ ಪಾಲಿಗೂ ಇದರಿಂದ ಅನುಕೂಲವುಂಟು: ಆತ ಕೊಟ್ಟ 20,000 ರೂಪಾಯಿಯೂ ಅದೇ ಹಾಳೆಯಲ್ಲಿ ದಾಖಲಾಗುತ್ತದೆ. ಆತ ಒಪ್ಪದಿದ್ದರೆ ಸಮಯ ಕೊಡುವುದು ಬಿಡುವುದು ಸಾಲ ಕೊಟ್ಟವರ ವಿವೇಚನೆಗೆ ಸೇರಿದ್ದು. ಅವರು ಕೊನೆಯ ದಿನವನ್ನು ತಿಳಿದು ನಿರ್ಧರಿಸುವಂತಾಗಬೇಕು.

ನ್ಯಾಯಾಲಯದ ಶುಲ್ಕಕ್ಕೆ ಹಣವಿಲ್ಲವೆಂದು ಗಡುವನ್ನು ಕಳೆದುಕೊಳ್ಳಬೇಕಾಗಿಲ್ಲ. ನಿರ್ಧನ ವ್ಯಕ್ತಿಯಾಗಿ ದಾವೆ ಹೂಡಲು ಅನುಮತಿ ಕೋರಿ ಅರ್ಜಿ ಸಲ್ಲಿಸಿದ ದಿನವನ್ನೇ ದಾವೆಯ ದಿನವೆಂದು 3ನೆಯ ಪ್ರಕರಣ ಪರಿಗಣಿಸುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು ಇದೆ. ಇದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಆದರೆ ವಕೀಲರು ಕಾಗದ ಓದಿ ದಾವಾಪತ್ರ ಸಿದ್ಧಪಡಿಸಲು ದಿನಗಳು ಬೇಕು. ಕೊನೆಯ ವಾರಕ್ಕೆ ಹೋಗದೆ, ಕನಿಷ್ಠ ಎರಡು ತಿಂಗಳು ಮೊದಲೇ ಕಳುಹಿಸುವುದು ಸೂಕ್ತ.

ಪಂಚಾಯತಿಯ ಸ್ವತ್ತುಗಳಿಗೆ ಸಂಬಂಧಿಸಿ, ಆಸ್ತಿ ವಹಿಯಲ್ಲಿ ಪ್ರತಿಯೊಂದು ಒತ್ತುವರಿಯ ಎದುರು ಮೂರು ವಿವರಗಳನ್ನು ಬರೆದಿಡುವುದು ಸಾಕು: ಒತ್ತುವರಿ ಆರಂಭವಾದ ತಿಂಗಳು ಮತ್ತು ವರ್ಷ, ಜಾಗವು ರಸ್ತೆಯೋ, ಸರ್ಕಾರಿ ಜಮೀನೋ, ಪಂಚಾಯತಿಯ ಸ್ವಂತ ಸ್ವತ್ತೋ ಎಂಬುದು, ಅದರ ಪ್ರಕಾರ ದಾವೆಗೆ ಕೊನೆಯ ದಿನ. ಸದಸ್ಯರ ಅವಧಿ 5 ವರ್ಷ, ಸ್ವತ್ತಿನ ಗಡುವು 12 ವರ್ಷ. ಒಂದು ಆಡಳಿತ ಮಂಡಳಿಯ ಕಾಲದಲ್ಲಿ ಎದ್ದ ಕಾಂಪೌಂಡಿನ ಗಡುವು ಅದರ ಮೂರನೆಯ ಮಂಡಳಿಯ ಕಾಲದಲ್ಲಿ ಮುಗಿಯಬಹುದು. ಆ ದಿನಾಂಕ ವಹಿಯಲ್ಲಿ ಬರೆದಿದ್ದರೆ ಮಾತ್ರ ಮುಂದೆ ಬರುವ ಸದಸ್ಯರಿಗೆ ತಿಳಿಯುತ್ತದೆ.